ಎರಡು ಪರೀಕ್ಷೆಗಳ ನಡುವಿನ ಸಂಜೆ

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಮತ್ತು ಅವರ ತಂದೆ ತಾಯಿಯರ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಹುಡುಗಿಯ ಕೈಯಲ್ಲಿ ಪ್ರಿಪರೇಟರಿ ಪರೀಕ್ಷೆಯ ವೇಳಾಪಟ್ಟಿ ಕಾಣಿಸುತ್ತಿದೆ. ಮಂಗಳವಾರ ಫಿಸಿಕ್ಸ್, ಬುಧವಾರ ಮ್ಯಾಥ್ಸ್. ನಡುವೆ ಒಂದು ದಿನದ ಬಿಡುವೂ ಇಲ್ಲ. ನಾನು ಮ್ಯಾಥ್ಸ್ ಹೇಳಿಕೊಡುವವನು. ಈ ಜೋಡಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. "ಸರ್, ಫಿಸಿಕ್ಸ್ ಪರವಾಗಿಲ್ಲ, ಮ್ಯಾಥ್ಸೇ ಬರಲ್ಲ. ಒಂದೇ ರಾತ್ರಿಯಲ್ಲಿ ಏನು ಓದಲಿ?" ಅಂತ ಕೇಳುತ್ತಾರೆ.

ಆ ಒಂದು ರಾತ್ರಿಯಿಂದಲೇ ಶುರು ಮಾಡೋಣ. ಅದು ಎಷ್ಟು ಉದ್ದ ಇದೆ ಅಂತ ಯಾರೂ ಅಳೆದು ನೋಡಿರುವುದಿಲ್ಲ. ಮಂಗಳವಾರ ಪರೀಕ್ಷೆ ಮುಗಿದು ಹೊರಗೆ ಬರುವಾಗ ಮಧ್ಯಾಹ್ನ ಒಂದೂಕಾಲು. ಬಸ್ಸು ಹಿಡಿದು ಮನೆ ಸೇರುವಾಗ ಎರಡೂಕಾಲು. ಊಟ ಮಾಡಿ ಸ್ವಲ್ಪ ಮಲಗಿ ಎದ್ದರೆ ನಾಲ್ಕು. ನಾಲ್ಕರಿಂದ ರಾತ್ರಿ ಹತ್ತರವರೆಗೆ ಆರು ಗಂಟೆ ಇದೆ, ನಿಜ. ಅದರಲ್ಲಿ ರಾತ್ರಿ ಊಟ, ಸ್ನಾನ, ಮರುದಿನಕ್ಕೆ ಪೆನ್ನು ಸ್ಕೇಲು ಜೋಡಿಸಿಕೊಳ್ಳುವುದು, ನಡುನಡುವೆ ಎದ್ದು ಓಡಾಡುವುದು, ಇವನ್ನೆಲ್ಲ ಕಳೆದರೆ ಉಳಿಯುವುದು ನಾಲ್ಕು ಗಂಟೆ. ಅದೂ ಬೆಳಿಗ್ಗೆಯೆಲ್ಲ ಮೂರು ಗಂಟೆ ಬರೆದು ಸೋತ ಕೈಯ, ದಣಿದ ತಲೆಯ ನಾಲ್ಕು ಗಂಟೆ. ಮ್ಯಾಥ್ಸಿನಲ್ಲಿ ಇರುವುದು 13 ಅಧ್ಯಾಯ. ಆ ನಾಲ್ಕು ಗಂಟೆಯಲ್ಲಿ ಹೊಸದಾಗಿ ಏನನ್ನೂ ಕಲಿಯಲು ಆಗುವುದಿಲ್ಲ. ಕಲಿತದ್ದನ್ನು ಮತ್ತೆ ಕೈಗೆ ತಂದುಕೊಳ್ಳಲು ಮಾತ್ರ ಆಗುತ್ತದೆ.

ಹಾಗಾಗಿ ಕಷ್ಟದ ವಿಷಯ ಎರಡನೇ ದಿನ ಇದ್ದರೆ, ಅದರ ಕಲಿಕೆ ಮೊದಲ ಪರೀಕ್ಷೆಗೆ ನಾಲ್ಕೈದು ದಿನ ಮುಂಚೆಯೇ ಮುಗಿದಿರಬೇಕು. ವೇಳಾಪಟ್ಟಿಯನ್ನು ಇವತ್ತಿನಿಂದ ಮುಂದಕ್ಕೆ ಬರೆಯುತ್ತಾ ಹೋಗಬೇಡಿ. ಆ ಮಂಗಳವಾರದ ಸಂಜೆಯಿಂದ ಹಿಂದಕ್ಕೆ ಬನ್ನಿ. ನಾನು ಇವತ್ತು ಹೇಳುವುದೆಲ್ಲ ಇದರ ಸುತ್ತಲೇ ಇರುತ್ತದೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹಲವು ವರ್ಷಗಳ ಹಿಂದೆ ಒಬ್ಬ ಹುಡುಗ ಹೀಗೇ ಬಂದಿದ್ದ. ಫಿಸಿಕ್ಸ್ ಚೆನ್ನಾಗಿ ಬರುತ್ತಿತ್ತು, ಮ್ಯಾಥ್ಸ್ ಬರುತ್ತಿರಲಿಲ್ಲ. "ಬರುವುದನ್ನು ಬಿಡು, ಬರದೇ ಇರುವುದನ್ನೇ ಓದು" ಅಂದೆ. ಪಾಪ, ಹೇಳಿದ ಹಾಗೆಯೇ ಮಾಡಿದ. ಎರಡು ವಾರ ಫಿಸಿಕ್ಸ್ ಪುಸ್ತಕ ಮುಟ್ಟಲಿಲ್ಲ. ಮ್ಯಾಥ್ಸಿನಲ್ಲಿ 30 ಬರುತ್ತಿದ್ದವನಿಗೆ 37 ಬಂತು. ಫಿಸಿಕ್ಸಿನಲ್ಲಿ ಕಾಲೇಜಿನ ಟೆಸ್ಟಿನಲ್ಲಿ 54 ತೆಗೆದಿದ್ದವನಿಗೆ 41 ಬಂತು. ಏಳು ಬಂತು, ಹದಿಮೂರು ಹೋಯಿತು. ಆ ಹದಿಮೂರು ಹೋಗಿದ್ದು ನನ್ನ ಮಾತಿನಿಂದ. ಚೆನ್ನಾಗಿ ಬರುವ ವಿಷಯ ಎರಡು ವಾರ ಕೈ ಬಿಟ್ಟರೂ ಹಾಗೇ ಇರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಇರುವುದಿಲ್ಲ. ವ್ಯುತ್ಪತ್ತಿಯ ನಡುವಿನ ಒಂದು ಸಾಲು ಮರೆತರೆ ಸಾಕು, ಅಲ್ಲಿಂದ ಮುಂದಿನ ಅಂಕಗಳೆಲ್ಲ ಹೋಗುತ್ತವೆ.

ಅದಾದ ಮೇಲೆ ಇಂಥ ಮಕ್ಕಳ ಜೊತೆ ಕೂತೇ ಪಟ್ಟಿ ಹಾಕುತ್ತೇನೆ. ಅದರಲ್ಲಿ ಒಬ್ಬ ಹುಡುಗಿಯದನ್ನು ಪೂರ್ತಿ ಹೇಳುತ್ತೇನೆ. ಅವಳಿಗೂ ಮಂಗಳವಾರ ಫಿಸಿಕ್ಸ್, ಬುಧವಾರ ಮ್ಯಾಥ್ಸ್. ಅವಳು ಬಂದಾಗ ಸರಿಯಾಗಿ 14 ದಿನ ಉಳಿದಿತ್ತು. ಉಳಿದ ವಿಷಯಗಳ ಪರೀಕ್ಷೆ ಆಮೇಲೆ, ಬಿಡುವು ಕೊಟ್ಟು ಇದ್ದವು. ಹಾಗಾಗಿ ಈ ಎರಡಕ್ಕೇ ದಿನದ ಹೆಚ್ಚಿನ ಹೊತ್ತು ಸಿಗುತ್ತಿತ್ತು.

"ದಿನಕ್ಕೆ ಎಷ್ಟು ಹೊತ್ತು ಓದುತ್ತೀಯಮ್ಮ?" ಅಂತ ಕೇಳಿದೆ. "ಹತ್ತು ಗಂಟೆ ಸರ್" ಅಂದಳು. ಹಿಂದಿನ ದಿನದ್ದನ್ನು ಗಂಟೆ ಗಂಟೆಯಾಗಿ ನೆನಪು ಮಾಡಿಕೊಂಡು ಬರೆಯಲು ಹೇಳಿದೆ. ಪುಸ್ತಕದ ಮುಂದೆ ಕೂತಿದ್ದು ಹತ್ತು ಗಂಟೆ ನಿಜ. ಆದರೆ ಕೈಯಲ್ಲಿ ಪೆನ್ನು ಹಿಡಿದು ಕೆಲಸ ಮಾಡಿದ್ದು ಆರೂವರೆ ಗಂಟೆ. ಪಟ್ಟಿಯನ್ನು ಆರು ಗಂಟೆಗೇ ಹಾಕಿದೆವು. ಹತ್ತು ಗಂಟೆಗೆ ಹಾಕಿದ ಪಟ್ಟಿ ಎರಡನೇ ದಿನವೇ ಹಿಂದೆ ಬೀಳುತ್ತದೆ. ಮೂರನೇ ದಿನ ಆ ಹಾಳೆ ಗೋಡೆಯ ಮೇಲೆ ಸುಮ್ನೆ ಅಂಟಿಕೊಂಡಿರುತ್ತದೆ, ಯಾರೂ ಅದರ ಕಡೆ ನೋಡುವುದಿಲ್ಲ.

ಆಮೇಲೆ ಮಾಡಿದ ಮೊದಲ ಕೆಲಸ ಓದುವುದಲ್ಲ. ಹಿಂದಿನ ವರ್ಷದ ಒಂದು ಮ್ಯಾಥ್ಸ್ ಪ್ರಶ್ನೆಪತ್ರಿಕೆ ಕೊಟ್ಟು, ಪುಸ್ತಕ ಮುಚ್ಚಿಸಿ, ಮೂರು ಗಂಟೆ ಕೂರಿಸಿದೆ. "ಓದದೇ ಹೇಗೆ ಬರೆಯಲಿ ಸರ್" ಅಂತ ಅವಳಿಗೆ ಅಳುವೇ ಬಂದಿತ್ತು. ಬಂದ ಅಂಕ 80ಕ್ಕೆ 31. ಆದರೆ ನನಗೆ ಬೇಕಿದ್ದದ್ದು ಆ 31 ಅಲ್ಲ, ಹೋದ 49. ಒಂದೊಂದು ಹೋದ ಅಂಕದ ಪಕ್ಕದಲ್ಲೂ ಅವಳ ಕೈಯಲ್ಲೇ ಒಂದು ಅಕ್ಷರ ಬರೆಸಿದೆ. ಲೆಕ್ಕ ಏನೆಂದೇ ಗೊತ್ತಿಲ್ಲದಿದ್ದರೆ "ಗೊ". ಒಂದು ಕಾಲಕ್ಕೆ ಬರುತ್ತಿತ್ತು, ಈಗ ಸೂತ್ರವೋ ಹೆಜ್ಜೆಯೋ ಮರೆತಿದೆ ಅನ್ನುವುದಾದರೆ "ಮ". ಎಲ್ಲ ಗೊತ್ತಿದ್ದೂ ಚಿಹ್ನೆ ತಪ್ಪಿದ್ದರೆ, ಹೊತ್ತು ಸಾಲದಿದ್ದರೆ "ಜಾ", ಅಂದರೆ ಕೈ ಜಾರಿದ್ದು. ಎಣಿಸಿದರೆ ಗೊ 21, ಮ 18, ಜಾ 10.

ಇದಕ್ಕೆ ಮೂರು ಗಂಟೆ ಪರೀಕ್ಷೆ, ಒಂದೂವರೆ ಗಂಟೆ ಗುರುತು ಹಾಕುವುದು, ಒಟ್ಟು ನಾಲ್ಕೂವರೆ ಗಂಟೆ ಹಿಡಿಯಿತು. 14 ದಿನದಲ್ಲಿ ಅಷ್ಟು ಹೊತ್ತು ಇದಕ್ಕೇ ಕೊಡಬೇಕಾ ಅಂತ ಅನ್ನಿಸುತ್ತದೆ, ಅಲ್ವಾ? ಕೊಡಲೇಬೇಕು. ಯಾಕೆಂದರೆ "ಮ್ಯಾಥ್ಸ್ ಬರಲ್ಲ" ಅಂತ ಬಂದವಳ ಮುಂದೆ ಈಗ ಬೇರೆಯೇ ಚಿತ್ರ ಇತ್ತು. ಹೋದ 49ರಲ್ಲಿ 28 ಅಂಕ ಅವಳಿಗೆ ಗೊತ್ತಿದ್ದ ಪಾಠಗಳಲ್ಲೇ ಹೋಗಿತ್ತು. ಮರೆತ 18 ಅಂಕವನ್ನು ವಾಪಸ್ ತರುವುದು ಗೊತ್ತಿಲ್ಲದ 21ನ್ನು ಹೊಸದಾಗಿ ಕಲಿಯುವುದಕ್ಕಿಂತ ತುಂಬ ಸುಲಭ. ಆದರೆ ಮಕ್ಕಳು ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ. ಎಲ್ಲಕ್ಕಿಂತ ಹೆದರಿಸುವ ಅಧ್ಯಾಯವನ್ನೇ ಮೊದಲ ದಿನ ತೆರೆದು ಕೂರುತ್ತಾರೆ, ನಾಲ್ಕು ದಿನ ಅಲ್ಲೇ ಕಳೆಯುತ್ತಾರೆ.

ಗೊತ್ತಿಲ್ಲದ 21 ಅಂಕ ಎಲ್ಲಿಂದ ಹೋಯಿತು ಅಂತ ನೋಡಿದರೆ ಇನ್ನೊಂದು ಸಂಗತಿ ಸಿಕ್ಕಿತು. ಇಂಟಿಗ್ರೇಷನ್, ವಕ್ರರೇಖೆಯ ಕೆಳಗಿನ ವಿಸ್ತೀರ್ಣ, ಡಿಫರೆನ್ಷಿಯಲ್ ಈಕ್ವೇಷನ್, ಈ ಮೂರು ಕಡೆಯೇ ಹೆಚ್ಚು ಹೋಗಿತ್ತು. ನೋಡಲು ಮೂರು ಅಧ್ಯಾಯ. ನಿಜಕ್ಕೂ ಒಂದೇ. ವಿಸ್ತೀರ್ಣದ ಲೆಕ್ಕದಲ್ಲಿ ಚಿತ್ರ ಬರೆದ ಮೇಲೆ ಮಾಡಬೇಕಾದ್ದು ಇಂಟಿಗ್ರೇಷನ್ನೇ. ಡಿಫರೆನ್ಷಿಯಲ್ ಈಕ್ವೇಷನ್ನಿನಲ್ಲೂ x ಒಂದು ಕಡೆ, y ಒಂದು ಕಡೆ ಬೇರೆ ಮಾಡಿದ ಮೇಲೆ ಉಳಿಯುವುದು ಅದೇ. ಒಂದನ್ನು ಸರಿ ಮಾಡಿದರೆ ಇನ್ನೆರಡಕ್ಕೆ ಅರ್ಧ ದಾರಿ ಸವೆದಂತೆ. ನಿಮ್ಮ ಕಷ್ಟದ ವಿಷಯ ಯಾವುದೇ ಇರಲಿ, ಹೀಗೆ ಉಳಿದವನ್ನು ಹೊತ್ತುಕೊಂಡಿರುವ ಒಂದು ಪಾಠ ಇರುತ್ತದೆ. ಅದನ್ನು ಹುಡುಕಿ ಹಿಡಿಯಿರಿ.

ಏನನ್ನು ಬಿಡುವುದು ಅಂತಲೂ ಅವತ್ತೇ ತೀರ್ಮಾನ ಮಾಡಿದೆವು. ಈಚಿನ ಮಾದರಿ ಪತ್ರಿಕೆಗಳಲ್ಲಿ 80ರಲ್ಲಿ 20 ಅಂಕ ಒಂದೊಂದು ಅಂಕದ ಪ್ರಶ್ನೆಗಳಿಗೆ. ಆಮೇಲೆ ಎರಡು, ಮೂರು, ಐದು ಅಂಕದ ಭಾಗಗಳು. ಆ ಭಾಗಗಳಲ್ಲಿ ಕೊಟ್ಟ ಎಲ್ಲವನ್ನೂ ಬರೆಯಬೇಕಿಲ್ಲ, ಆರಿಸಿಕೊಳ್ಳಲು ಅವಕಾಶ ಇದೆ. ನಿಮ್ಮ ವರ್ಷದ ಮಾದರಿ ಪತ್ರಿಕೆಯನ್ನೇ ಎದುರಿಗೆ ಇಟ್ಟುಕೊಂಡು ಇದನ್ನು ನೋಡಿ, ಅಣ್ಣನ ಹಳೇ ಪತ್ರಿಕೆ ಇಟ್ಟುಕೊಂಡು ಅಲ್ಲ. ಆ ಆಯ್ಕೆಯ ಬಲದ ಮೇಲೆ ಅವಳು ಗರಿಷ್ಠ ಕನಿಷ್ಠದ ದೊಡ್ಡ ಲೆಕ್ಕಗಳನ್ನು ಬಿಟ್ಟಳು. ಡಬ್ಬಿ ಮಾಡಲು ತಗಡಿನ ಮೂಲೆ ಎಷ್ಟು ಕತ್ತರಿಸಬೇಕು ಅನ್ನುವಂಥವು. ಪೂರ್ತಿ ಅಧ್ಯಾಯ ಬಿಡಲಿಲ್ಲ. ಒಂದು ಅಂಕದ ಪ್ರಶ್ನೆ ಎಲ್ಲ ಕಡೆಯಿಂದಲೂ ಬರುತ್ತದೆ. ಬಿಡುವುದನ್ನು ಮೊದಲ ದಿನವೇ ಬರೆದಿಟ್ಟರೆ ಆಮೇಲೆ ಅದರ ಚಿಂತೆ ಇರುವುದಿಲ್ಲ. ಹಾಗೆ ಮಾಡದಿದ್ದರೆ ನಡುವಿನ ಸಂಜೆಯೇ ಅದು ನೆನಪಾಗುತ್ತದೆ.

ಈಗ ದಿನಗಳನ್ನು ಹಿಂದಿನಿಂದ ತುಂಬೋಣ. ಪರೀಕ್ಷೆಯ ಹಿಂದಿನ ದಿನ ಸೋಮವಾರ. ಅವತ್ತು ಐದು ಗಂಟೆ ಫಿಸಿಕ್ಸ್, ಒಂದು ಗಂಟೆ ಮ್ಯಾಥ್ಸ್. ಭಾನುವಾರ ನಾಲ್ಕೂವರೆ ಗಂಟೆ ಫಿಸಿಕ್ಸ್, ಒಂದೂವರೆ ಮ್ಯಾಥ್ಸ್. ಶನಿವಾರ ನಾಲ್ಕು ಗಂಟೆ ಫಿಸಿಕ್ಸ್, ಎರಡು ಮ್ಯಾಥ್ಸ್. ಶುಕ್ರವಾರ ಅರ್ಧ ಅರ್ಧ. ಗುರುವಾರ ಎರಡನೇ ಬಾರಿ ಪೂರ್ತಿ ಮ್ಯಾಥ್ಸ್ ಪತ್ರಿಕೆ, ಉಳಿದ ಒಂದೂವರೆ ಗಂಟೆ ಫಿಸಿಕ್ಸ್. ಆ ಗುರುವಾರವೇ ಗಡಿ. ಅದಾದ ಮೇಲೆ ಮ್ಯಾಥ್ಸಿನಲ್ಲಿ ಹೊಸ ಲೆಕ್ಕದ ಮಾದರಿ ಇಲ್ಲ. ಗುರುವಾರಕ್ಕಿಂತ ಮುಂಚಿನ ದಿನಗಳಲ್ಲಿ ನಾಲ್ಕು ಗಂಟೆ ಮ್ಯಾಥ್ಸ್, ಎರಡು ಗಂಟೆ ಫಿಸಿಕ್ಸ್. ನಡುವಿನ ಭಾನುವಾರ ಮೂರೇ ಗಂಟೆ, ಆ ಮೂರು ಗಂಟೆಯ ಎದುರು ಯಾವ ವಿಷಯದ ಹೆಸರನ್ನೂ ಬರೆಯಲಿಲ್ಲ. ಹಿಂದೆ ಉಳಿದದ್ದನ್ನು ಅವತ್ತು ಮುಗಿಸಬೇಕು. ಏನೂ ಉಳಿದಿಲ್ಲದಿದ್ದರೆ ರಜೆ. ಅವಳಿಗೆ ರಜೆ ಸಿಗಲಿಲ್ಲ. ಮೊದಲ ವಾರದ ಶುಕ್ರವಾರ ಮನೆಯಲ್ಲಿ ಹಬ್ಬ, ನಾಲ್ಕು ಗಂಟೆ ಹೋಗಿತ್ತು. ಆ ಖಾಲಿ ಜಾಗ ಇಲ್ಲದಿದ್ದರೆ ಪಟ್ಟಿ ಅಲ್ಲೇ ಮುರಿದು ಬೀಳುತ್ತಿತ್ತು.

ಒಟ್ಟು ಕೂಡಿದರೆ ಮ್ಯಾಥ್ಸಿಗೆ ಸುಮಾರು 44 ಗಂಟೆ, ಫಿಸಿಕ್ಸಿಗೆ 34. ಕಷ್ಟದ ವಿಷಯಕ್ಕೆ ಜಾಸ್ತಿ, ಆದರೆ ದುಪ್ಪಟ್ಟೇನೂ ಅಲ್ಲ. ಮತ್ತೆ ಆ ಫಿಸಿಕ್ಸ್ ಗಂಟೆಗಳಲ್ಲಿ ಅರ್ಧದಷ್ಟು ಕೊನೆಯ ನಾಲ್ಕು ದಿನದಲ್ಲೇ ಬಂದಿದೆ ಅನ್ನುವುದನ್ನು ಗಮನಿಸಿ. ಬರುವ ವಿಷಯವನ್ನು ಪರೀಕ್ಷೆಗೆ ಹತ್ತಿರ ಇಟ್ಟುಕೊಂಡರೆ ಕಡಿಮೆ ಗಂಟೆಯಲ್ಲೇ ಆಗುತ್ತದೆ. ಬರದ ವಿಷಯಕ್ಕೆ ದೂರದಿಂದಲೇ ಹೊರಡಬೇಕು.

"ಸೋಮವಾರ ಪೂರ್ತಿ ಫಿಸಿಕ್ಸೇ ಓದಬಾರದಾ ಸರ್, ಆ ಒಂದು ಗಂಟೆ ಮ್ಯಾಥ್ಸ್ ಯಾಕೆ?" ಅಂತ ಅವಳು ಕೇಳಿದಳು. ಅವತ್ತು ಮುಟ್ಟದಿದ್ದರೆ ಭಾನುವಾರ ಮುಚ್ಚಿದ ಪುಸ್ತಕವನ್ನು ಮಂಗಳವಾರ ಸಂಜೆ ನಾಲ್ಕಕ್ಕೆ ತೆರೆಯಬೇಕಾಗುತ್ತದೆ. ಆಗ ಎಲ್ಲ ಅಪರಿಚಿತವಾಗಿ ಕಾಣುತ್ತದೆ. ಅಷ್ಟು ಕಂಡರೆ ಸಾಕು, ಗಾಬರಿ ಶುರು. ಒಂದು ಗಂಟೆ ಸಾಲದು ಅಂತ ಅನ್ನಿಸಿದರೂ, ದಾರ ಕಡಿಯದಂತೆ ಇಟ್ಟುಕೊಳ್ಳಲು ಸಾಕು.

ದಿನದ ಒಳಗೆ ಮ್ಯಾಥ್ಸ್ ಬೆಳಿಗ್ಗೆ. ಬರದ ವಿಷಯಕ್ಕೆ ತಲೆ ತಾಜಾ ಇರುವ ಹೊತ್ತು ಕೊಡಬೇಕು. ಪರೀಕ್ಷೆ ನಡೆಯುವುದೂ ಬೆಳಿಗ್ಗೆಯೇ ತಾನೆ. ಆದರೆ ಪುಸ್ತಕ ತೆರೆಯುವ ಮೊದಲು 20 ನಿಮಿಷ ಒಂದು ಖಾಲಿ ಹಾಳೆ. ಹಿಂದಿನ ದಿನ ಮಾಡಿದ ಎರಡು ಲೆಕ್ಕವನ್ನು, ಮೂರು ದಿನ ಹಿಂದೆ ಮಾಡಿದ ಒಂದನ್ನು, ಏನೂ ನೋಡದೆ ಬರೆಯಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮ್ಯಾಥ್ಸನ್ನು ಓದುತ್ತಾರೆ. ಬಿಡಿಸಿದ ಲೆಕ್ಕದ ಮೇಲೆ ಕಣ್ಣಾಡಿಸಿ, ಹೌದು ಹೌದು ಅಂದುಕೊಂಡು ಮುಂದೆ ಹೋಗುತ್ತಾರೆ. ಓದುವಾಗ ಎಲ್ಲ ಬಂದಂತೆ ಅನ್ನಿಸುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಈಗ ನಮ್ಮ ಪಟ್ಟಿಯನ್ನು ನೋಡಿ. ಕಲಿಯುವುದಕ್ಕೂ ಪರೀಕ್ಷೆಗೂ ನಡುವೆ ಹೆಚ್ಚುಕಡಿಮೆ ಒಂದು ವಾರವೇ ಇದೆ. ಓದಿದಾಗ ಬಂದಂತೆ ಅನ್ನಿಸಿದ್ದನ್ನು ನಂಬಿದರೆ ಆ ವಾರದಲ್ಲಿ ಅದು ಸೋರಿ ಹೋಗುತ್ತದೆ.

ಒಂದು ಲೆಕ್ಕವನ್ನು ಹತ್ತಿರದಿಂದ ತೋರಿಸುತ್ತೇನೆ. 1/(x² − a²) ಇದರ ಇಂಟಿಗ್ರಲ್ ಕಂಡುಹಿಡಿದು, ಅದರಿಂದ 1/(x² − 16) ಇದರದ್ದನ್ನು ಬರೆಯಿರಿ. ನಿಮ್ಮಲ್ಲಿ ಎಲ್ಲರೂ ನೋಡಿರುವ ಐದು ಅಂಕದ ಪ್ರಶ್ನೆ. ಮೊದಲ ವಾರದ ಬುಧವಾರ ಅವಳು ಪುಸ್ತಕ ನೋಡಿಕೊಂಡು ಎರಡು ಸಲ ಸರಿಯಾಗಿ ಮಾಡಿದಳು. ಗುರುವಾರ ಬೆಳಿಗ್ಗೆ ಖಾಲಿ ಹಾಳೆಯಲ್ಲಿ ಮೊದಲ ಸಾಲಿಗೇ ನಿಂತಳು. ಆ ಭಿನ್ನರಾಶಿಯನ್ನು ಎರಡಾಗಿ ಒಡೆಯಬೇಕು ಅನ್ನುವುದು ನೆನಪಾಗಲಿಲ್ಲ. ಪುಸ್ತಕ ನೋಡಿದಳು, ಮುಚ್ಚಿದಳು, ಮತ್ತೆ ಬರೆದಳು. ಶುಕ್ರವಾರ ಒಡೆದಳು, ಆದರೆ ಕೊನೆಯಲ್ಲಿ (1/8) log|(x + 4)/(x − 4)| + C ಅಂತ ತಲೆಕೆಳಗು ಬರೆದಳು. ಸರಿಯಾದದ್ದು ಹೀಗೆ:

1/(x² − a²) = (1/2a) [1/(x − a) − 1/(x + a)]

∫ dx/(x² − 16) = (1/8) log|(x − 4)/(x + 4)| + C

ತಲೆಕೆಳಗಾಗಿದೆಯೋ ಇಲ್ಲವೋ ಅಂತ ಪರೀಕ್ಷೆಯಲ್ಲಿ ಕೂತಲ್ಲೇ ನೋಡುವ ದಾರಿ ಒಂದಿದೆ. x ಬೆಲೆ 5 ಹಾಕಿ. 1/(25 − 16) ಅಂದರೆ 1/9, ಧನ ಸಂಖ್ಯೆ. ಹಾಗಿದ್ದರೆ ಉತ್ತರ ಅಲ್ಲಿ ಏರುತ್ತಿರಬೇಕು. (x − 4)/(x + 4) ಇದು 5ಕ್ಕೆ 1/9, 6ಕ್ಕೆ 2/10. ಏರುತ್ತಿದೆ, ಸರಿ. ತಲೆಕೆಳಗಾಗಿದ್ದರೆ 9ರಿಂದ 5ಕ್ಕೆ ಇಳಿಯುತ್ತದೆ. ಅರ್ಧ ನಿಮಿಷದ ಕೆಲಸ. ಸೋಮವಾರ ಬೆಳಿಗ್ಗೆ ಅವಳು ಪೂರ್ತಿ ಸರಿಯಾಗಿ ಬರೆದಳು, ಪಕ್ಕದಲ್ಲಿ 5, 6 ಹಾಕಿ ನೋಡಿದ ಗುರುತೂ ಇತ್ತು. ನೋಡಿ, "ಬಂತು" ಅಂತ ಬುಧವಾರ ಅಂದುಕೊಂಡಿದ್ದು ನಿಜವಾಗಿ ಬಂದದ್ದು ಸೋಮವಾರ. ಐದು ದಿನ ಬೇಕಾಯಿತು. ಇದೇ ಲೆಕ್ಕವನ್ನು ನಡುವಿನ ಸಂಜೆ ಮೊದಲ ಬಾರಿ ಮಾಡಿದ್ದರೆ ಅವಳು ಬುಧವಾರದ ಖುಷಿಯಲ್ಲೇ ಹಾಲಿಗೆ ಹೋಗಿ, ಗುರುವಾರದ ಹಾಗೆ ಮೊದಲ ಸಾಲಿಗೇ ನಿಲ್ಲುತ್ತಿದ್ದಳು.

ಎರಡನೇ ವಾರ ಬಂದಾಗ ಲೆಕ್ಕಗಳನ್ನು ಅಧ್ಯಾಯದ ಪ್ರಕಾರ ಮಾಡುವುದನ್ನು ನಿಲ್ಲಿಸಿದೆವು. ಅಭ್ಯಾಸದ ಲೆಕ್ಕಗಳ ನಂಬರನ್ನು ಚೀಟಿಯಲ್ಲಿ ಬರೆದು ಹಾರ್ಲಿಕ್ಸ್ ಬಾಟಲಿಗೆ ಹಾಕಿದಳು. ಕಲಕಿ ಒಂದೊಂದೇ ತೆಗೆಯುವುದು. ಯಾಕೆ ಅಂದರೆ, ಇಂಟಿಗ್ರೇಷನ್ ಅಭ್ಯಾಸ 7.4 ಅಂತ ಮೇಲೆ ಬರೆದಿದ್ದರೆ ಯಾವ ವಿಧಾನ ಹಾಕಬೇಕು ಅನ್ನುವುದು ಪುಸ್ತಕವೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ಹಾಗೆ ಯಾರೂ ಹೇಳುವುದಿಲ್ಲ. 2007ರಲ್ಲಿ ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಘನಫಲದ ಲೆಕ್ಕಗಳನ್ನು ಹೀಗೆ ಎರಡು ರೀತಿಯಲ್ಲಿ ಕೊಟ್ಟು ನೋಡಿದ್ದರು. ಅಭ್ಯಾಸದ ಹೊತ್ತಿನಲ್ಲಿ ಒಂದೇ ಬಗೆಯ ಲೆಕ್ಕವನ್ನು ಸಾಲಾಗಿ ಮಾಡಿದವರದ್ದೇ ಚೆನ್ನಾಗಿತ್ತು. ವಾರದ ನಂತರದ ಟೆಸ್ಟಿನಲ್ಲಿ ಅವರಿಗೆ ಬಂದದ್ದು ಶೇಕಡಾ 20, ಕಲಸಿ ಮಾಡಿದವರಿಗೆ 63. ಬಾಟಲಿಯಿಂದ ತೆಗೆದು ಮಾಡುವ ದಿನಗಳಲ್ಲಿ ತಪ್ಪು ಜಾಸ್ತಿ ಆಗುತ್ತದೆ, ಬೇಜಾರಾಗುತ್ತದೆ. ಅವಳೂ ಮಂಗಳವಾರ ರಾತ್ರಿ "ಮೊದಲಿಗಿಂತ ಹಾಳಾಯ್ತು ಸರ್" ಅಂತ ಫೋನ್ ಮಾಡಿದ್ದಳು. ಒಂದು ಮಾತು ಮಾತ್ರ ನೆನಪಿಡಿ. ಹೀಗೆ ಕಲಸುವುದು ಒಂದು ಸಲವಾದರೂ ಕಲಿತ ಲೆಕ್ಕಗಳನ್ನು. ಗೊತ್ತೇ ಇಲ್ಲದ್ದನ್ನು ಕಲಸಿದರೆ ಏನೂ ಸಿಗುವುದಿಲ್ಲ.

ಗುರುವಾರ ಎರಡನೇ ಪತ್ರಿಕೆಯಲ್ಲಿ ಅವಳಿಗೆ 47 ಬಂತು. ಹೋದ 33ರಲ್ಲಿ ಗೊತ್ತಿಲ್ಲದ್ದು 14, ಮರೆತದ್ದು 8, ಜಾರಿದ್ದು 11. ಜಾರಿದ್ದು ಒಂದು ಹೆಚ್ಚಾಗಿದೆ. ಇದು ಸಹಜ, ಈಗ ಜಾಸ್ತಿ ಪ್ರಶ್ನೆ ಮುಟ್ಟುತ್ತಿದ್ದಾಳೆ. ಆದರೆ ಯಾವುದು ಜಾರುತ್ತಿದೆ ಅಂತ ನೋಡಿದರೆ ಹೆಚ್ಚಿನವು ಕೋಫ್ಯಾಕ್ಟರ್ ಬರೆಯುವಾಗಿನ ಪ್ಲಸ್ ಮೈನಸ್. ಡಿಟರ್ಮಿನೆಂಟ್ ಲೆಕ್ಕ ಬಂದ ಕೂಡಲೇ ರಫ್ ಜಾಗದಲ್ಲಿ + − +, − + −, + − + ಅಂತ ಮೂರು ಸಾಲು ಮೊದಲು ಬರೆದುಕೊ ಅಂದೆ. ಗುರುವಾರದ ಗಡಿ ಹಾಕುವುದು ಇದಕ್ಕೇ. ಆ ದಿನ ಸಿಕ್ಕ ಪಟ್ಟಿಯೇ ಮುಂದಿನ ನಾಲ್ಕು ದಿನದ ಮ್ಯಾಥ್ಸ್. ಗೊತ್ತಿಲ್ಲದ 14ನ್ನು ಅವಳು ಮುಟ್ಟಲಿಲ್ಲ. ಅದು ಕಷ್ಟದ ತೀರ್ಮಾನ, ಅವಳ ತಂದೆಗೆ ಒಪ್ಪಿಗೆ ಇರಲಿಲ್ಲ. ನಾಲ್ಕು ದಿನದಲ್ಲಿ ಆ 14ರಲ್ಲಿ ಮೂರೋ ನಾಲ್ಕೋ ಸಿಗಬಹುದಿತ್ತು. ಆದರೆ ಫಿಸಿಕ್ಸಿನಲ್ಲಿ ಅದಕ್ಕಿಂತ ಹೆಚ್ಚು ಕಳೆಯುವ ಅಪಾಯ ಇತ್ತು. ಆ ಹುಡುಗನ ಹದಿಮೂರು ನನಗೆ ಇನ್ನೂ ನೆನಪಿತ್ತು.

ಶನಿವಾರದ ಒಳಗೆ ಒಂದು ತೆಳ್ಳಗಿನ ಫೈಲ್ ತಯಾರಾಗಬೇಕು. ನಡುವಿನ ಸಂಜೆಗೆ ಅದೊಂದೇ. ಅವಳದ್ದು 12 ಹಾಳೆ ಇತ್ತು. ಒಮ್ಮೆ ತಪ್ಪಿ ಆಮೇಲೆ ಸರಿ ಮಾಡಿದ ಹತ್ತು ಲೆಕ್ಕ, ಹಾಳೆಗೆ ಒಂದು. ಎರಡು ಹಾಳೆ ಸೂತ್ರ. ಪಠ್ಯಪುಸ್ತಕ, ಗೈಡು, ಟ್ಯೂಷನ್ ನೋಟ್ಸು ಮಂಗಳವಾರ ಮೇಜಿನ ಮೇಲೆ ಇರಬಾರದು. ಇದ್ದರೆ ಕೈ ಅವುಗಳ ಕಡೆಯೇ ಹೋಗುತ್ತದೆ.

ಈಗ ಆ ಮಂಗಳವಾರ. ಫಿಸಿಕ್ಸ್ ಪರೀಕ್ಷೆ ಮುಗಿಯಿತು. ಗೇಟಿನ ಹತ್ತಿರ ಎಲ್ಲರೂ ಗುಂಪಾಗಿ ನಿಂತು ಉತ್ತರ ಹೋಲಿಸುತ್ತಿರುತ್ತಾರೆ. ಅಲ್ಲಿ ನಿಲ್ಲಬೇಡಿ. ಪ್ರಶ್ನೆಪತ್ರಿಕೆಯನ್ನು ಮನೆಗೆ ತಂದು ಅಮ್ಮನ ಕೈಗೆ ಕೊಡಿ, ಬುಧವಾರ ಸಂಜೆ ಕೇಳಿ ಇಸಕೊಳ್ಳಿ. ತಂದೆ ತಾಯಿಯರಿಗೂ ಒಂದು ಮಾತು. ಬಾಗಿಲಲ್ಲೇ "ಎಷ್ಟು ಬರಬಹುದು?" ಅಂತ ಕೇಳಬೇಡಿ. ಒಂದು ಪ್ರಶ್ನೆ ತಪ್ಪಿದ್ದು ಗೊತ್ತಾದರೆ ಆ ಮಗು ನಾಲ್ಕು ಗಂಟೆಯಲ್ಲಿ ಒಂದು ಗಂಟೆ ಅದನ್ನೇ ಯೋಚಿಸುತ್ತಾ ಕೂರುತ್ತದೆ. ಕೈ ಕಾಲು ತೊಳಿ, ಊಟ ಮಾಡು ಅಂದರೆ ಸಾಕು. ಊಟ ಆದ ಮೇಲೆ ಅರ್ಧ ಮುಕ್ಕಾಲು ಗಂಟೆ ಮಲಗಲಿ. ಅಲಾರಾಂ ಇಟ್ಟು ಮಲಗಲಿ, ಇಲ್ಲದಿದ್ದರೆ ಆರಕ್ಕೆ ಎದ್ದು ಕೂರುವುದೂ ಇದೆ.

ನಾಲ್ಕಕ್ಕೆ ಮೊದಲ ಗಂಟೆ. ಖಾಲಿ ಹಾಳೆಯಲ್ಲಿ ಸೂತ್ರಗಳನ್ನು ನೋಡದೆ ಬರೆಯುವುದು, ಆಮೇಲೆ ಫೈಲಿನ ಜೊತೆ ತಾಳೆ ನೋಡುವುದು. ತಪ್ಪಿದ್ದನ್ನು ಮಾತ್ರ ಕೆಂಪು ಪೆನ್ನಲ್ಲಿ ಇನ್ನೊಂದು ಚಿಕ್ಕ ಚೀಟಿಗೆ ಇಳಿಸಬೇಕು. ಎರಡನೇ ಗಂಟೆಯಲ್ಲಿ ಆ ಹತ್ತು ಲೆಕ್ಕಗಳ ಮೊದಲ ಎರಡು ಸಾಲು ಮಾತ್ರ. ಪೂರ್ತಿ ಬಿಡಿಸಬೇಡಿ. ಕೈ ಆಗಲೇ ಸೋತಿದೆ. ಅದೂ ಅಲ್ಲದೆ ಲೆಕ್ಕ ಕೆಡುವುದು ಬಹಳ ಸಲ ಶುರುವಿನಲ್ಲೇ, ಯಾವ ದಾರಿ ಹಿಡಿಯಬೇಕು ಅನ್ನುವಲ್ಲಿ. ಮೂರನೇ ಗಂಟೆಯಲ್ಲಿ ಮೂರೇ ಲೆಕ್ಕ, ಪೂರ್ತಿ, ಪರೀಕ್ಷೆಯಲ್ಲಿ ಬರೆಯುವ ಹಾಗೆ. ಅವಳು ಆರಿಸಿಕೊಂಡದ್ದು ಮ್ಯಾಟ್ರಿಕ್ಸ್ ವಿಧಾನದ ಸಮೀಕರಣ, ಮೇಲೆ ಹೇಳಿದ ಇಂಟಿಗ್ರೇಷನ್, ಮತ್ತು ಗ್ರಾಫ್ ಸಮೇತ ಒಂದು ಲೀನಿಯರ್ ಪ್ರೋಗ್ರಾಮಿಂಗ್. ಗ್ರಾಫಿಗೆ ಪೆನ್ಸಿಲ್ ಕೆತ್ತಿದ್ದೂ ಆಯಿತು, ಮರುದಿನದ ಡಬ್ಬಿ ತುಂಬಿದ್ದೂ ಆಯಿತು. ಊಟ ಆದ ಮೇಲಿನ ನಾಲ್ಕನೇ ಗಂಟೆ ಒಂದು ಅಂಕದ ಪ್ರಶ್ನೆಗಳಿಗೆ. ದಣಿದ ತಲೆಗೆ ಅವು ಹಗುರ, ಪತ್ರಿಕೆಯಲ್ಲಿ 20 ಅಂಕ ಅವುಗಳದ್ದೇ.

ಈ ಸಂಜೆ ಹಳಿ ತಪ್ಪುತ್ತಿದೆ ಅನ್ನುವುದಕ್ಕೆ ಒಂದೇ ಗುರುತು. ಫೈಲಿನಲ್ಲಿ ಇಲ್ಲದ ಲೆಕ್ಕ ನಿಮ್ಮ ಮುಂದೆ ಇದೆ ಅಂದರೆ ತಪ್ಪಿದೆ. ಗೆಳತಿ ವಾಟ್ಸಾಪಿನಲ್ಲಿ "ಇದು ಗ್ಯಾರಂಟಿ ಬರುತ್ತಂತೆ" ಅಂತ ಕಳಿಸಿರುತ್ತಾಳೆ. ಹತ್ತು ನಿಮಿಷ ನೋಡೋಣ ಅಂತ ಕೂತರೆ ಐವತ್ತು ನಿಮಿಷ ಹೋಗುತ್ತದೆ. ಬರದಿದ್ದರೆ ಆ ಗಾಬರಿಯಲ್ಲಿ ಬರುವುದೂ ಕೈ ತಪ್ಪುತ್ತದೆ. ಫೋನು ನಾಲ್ಕರಿಂದ ಹತ್ತರವರೆಗೆ ಅಪ್ಪನ ಹತ್ತಿರ ಇರಲಿ. ಮತ್ತೆ ಹತ್ತಕ್ಕೆ ದೀಪ ಆರಿಸಿ. ಓದಿದ್ದು ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲಿ. ಎರಡು ಗಂಟೆವರೆಗೆ ಎದ್ದಿದ್ದವರ ಉತ್ತರಪತ್ರಿಕೆ ನೋಡಿದರೆ ನನಗೆ ಹೆಚ್ಚಾಗಿ ಗೊತ್ತಾಗುತ್ತದೆ. ವಿಧಾನ ಸರಿ ಇರುತ್ತದೆ, 7 ಇದ್ದದ್ದು ಮುಂದಿನ ಸಾಲಿನಲ್ಲಿ 1 ಆಗಿರುತ್ತದೆ.

ಆ ಹುಡುಗಿಗೆ ಫಿಸಿಕ್ಸಿನಲ್ಲಿ 70ಕ್ಕೆ 56 ಬಂತು, ಮ್ಯಾಥ್ಸಿನಲ್ಲಿ 80ಕ್ಕೆ 53. ವಿಸ್ತೀರ್ಣದ ಲೆಕ್ಕ ಬಂದಿತ್ತು, ಮಾಡಿದ್ದಳು. ಗರಿಷ್ಠ ಕನಿಷ್ಠದ್ದೂ ಬಂದಿತ್ತು, ಬಿಟ್ಟಿದ್ದಳು.

ಕಷ್ಟದ ವಿಷಯ ಮೊದಲ ದಿನ ಇದ್ದರೆ ಏನು ಅಂತ ಆಗಲೇ ಯಾರೋ ಕೇಳಿದರು. ಆಗ ಸುಲಭ. ಕಷ್ಟದ್ದನ್ನು ಕೊನೆಯವರೆಗೂ ಓದಬಹುದು, ನಡುವಿನ ಸಂಜೆ ಬರುವ ವಿಷಯಕ್ಕೆ ಸಿಗುತ್ತದೆ. ಆದರೆ ಕೊನೆಯ ದಿನಗಳನ್ನೆಲ್ಲ ಕಷ್ಟದ್ದೇ ನುಂಗುತ್ತದೆ. ಹಾಗಾಗಿ ಬರುವ ವಿಷಯದ ಫೈಲನ್ನು ಮೊದಲ ವಾರವೇ ಮಾಡಿಟ್ಟುಕೊಳ್ಳಿ, ದಿನಕ್ಕೆ ಅರ್ಧ ಗಂಟೆಯಾದರೂ ಅದನ್ನು ಮುಟ್ಟಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತ. "ಸರ್, ನನಗೆ 14 ದಿನ ಇಲ್ಲ. ಐದೇ ದಿನ ಇದೆ" ಅಂದ. ನಾನು ಅವನಿಗೆ ಹೇಳಿದ್ದು ಇಷ್ಟು. ಐದು ದಿನ, ದಿನಕ್ಕೆ ಆರು ಗಂಟೆಯಂತೆ 30 ಗಂಟೆ. ಪೂರ್ತಿ ಪತ್ರಿಕೆ ಬರೆಯಲು ಹೊತ್ತಿಲ್ಲ. ಇವತ್ತು ಪತ್ರಿಕೆ ಇಟ್ಟುಕೊಂಡು ಪ್ರತಿ ಪ್ರಶ್ನೆಯ ಮೊದಲ ಎರಡು ಸಾಲು ಮಾತ್ರ ಬರಿ, ಒಂದು ಗಂಟೆ ಸಾಕು. ಗೊ, ಮ, ಜಾ ಗುರುತು ಹಾಕು. "ಗೊ" ಪೂರ್ತಿ ಬಿಟ್ಟುಬಿಡು. "ಮ" ಮಾತ್ರ ತಗೋ. ಮೊದಲ ಎರಡೂವರೆ ದಿನ ಮ್ಯಾಥ್ಸಿಗೆ ಜಾಸ್ತಿ, ಉಳಿದದ್ದು ಫಿಸಿಕ್ಸಿಗೆ, ದಿನಾ ಒಂದು ಗಂಟೆ ಇನ್ನೊಂದಕ್ಕೆ. ಫೈಲಿನಲ್ಲಿ ಹತ್ತರ ಬದಲು ಐದು ಲೆಕ್ಕ. ಅವನು ಕೂತು ಹಾಲ್ ಟಿಕೆಟಿನ ಜೆರಾಕ್ಸ್ ಹಾಳೆಯ ಹಿಂದೆ ದಿನಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯತೊಡಗಿದ. ಎಲ್ಲಕ್ಕಿಂತ ಕೆಳಗೆ "ಮಂಗಳವಾರ ಸಂಜೆ, ನಾಲ್ಕು ಗಂಟೆ" ಅಂತ ಇತ್ತು.